ಅಮ್ಮನ ಗ್ಯಾಸ್ ಸಬ್ಸಿಡಿ ಯಾವ ಖಾತೆಗೆ ಹೋಗುತ್ತಿದೆ?

ಓದುಗರ ಪ್ರಶ್ನೆ: "ಅಮ್ಮ ಗದಗ ಹತ್ತಿರದ ಹಳ್ಳಿಯಲ್ಲಿದ್ದಾರೆ. ಅವರದು ಉಜ್ವಲಾ ಕನೆಕ್ಷನ್. ಬೆಂಗಳೂರಿನಿಂದ ನಾನೇ ಬುಕ್ ಮಾಡುತ್ತೇನೆ. ಸಿಲಿಂಡರ್ ತಂದವನಿಗೆ ಅಮ್ಮ 900 ರೂಪಾಯಿ ಕೊಡುತ್ತಾರೆ. ಮೊದಲು ಜನಧನ್ ಖಾತೆಗೆ 200 ರೂಪಾಯಿ ಬರುತ್ತಿತ್ತು. 2023ರ ಮಳೆಗಾಲದ ನಂತರ ಪಾಸ್‌ಬುಕ್ಕಿನಲ್ಲಿ ಒಂದು ಸಲವೂ ಇಲ್ಲ. ಪಕ್ಕದ ಮನೆಯವರಿಗೆ 300 ಬರುತ್ತಂತೆ. ಏಜೆನ್ಸಿಯವರು ಬ್ಯಾಂಕಿಗೆ ಹೋಗಿ ಅಂತಾರೆ, ಬ್ಯಾಂಕಿನವರು ಏಜೆನ್ಸಿಗೆ ಹೋಗಿ ಅಂತಾರೆ. ಗೃಹಲಕ್ಷ್ಮಿ ಹಣ ಮಾತ್ರ ಪೋಸ್ಟ್ ಆಫೀಸಿನ ಖಾತೆಗೆ ಸರಿಯಾಗಿ ಬರುತ್ತಿದೆ. ನನ್ನ ಕನೆಕ್ಷನ್‌ಗೂ ಸಬ್ಸಿಡಿ ಇಲ್ಲ. ಒಂದನೇ ತಾರೀಖು ಬಂದರೆ ಸಿಲಿಂಡರ್ ಅಗ್ಗ ಆಯ್ತು ಅಂತ ಸುದ್ದಿ ಬರುತ್ತೆ, ನಮ್ಮ ಬಿಲ್ ಮಾತ್ರ ಇಳಿಯುವುದಿಲ್ಲ. ಎಲ್ಲಿಂದ ಶುರು ಮಾಡಲಿ?"

ಉತ್ತರ: ಪೋಸ್ಟ್ ಆಫೀಸಿನ ಖಾತೆಯಿಂದ ಶುರು ಮಾಡಿ. ನಿಮ್ಮ ಅಮ್ಮನ ಸಬ್ಸಿಡಿ ನಿಂತಿಲ್ಲ, ಅದೇ ಖಾತೆಗೆ ಹೋಗಿ ಸೇರುತ್ತಿದೆ ಎಂದು ನನಗೆ ಬಲವಾಗಿ ಅನಿಸುತ್ತದೆ. ಗ್ಯಾಸ್ ವಿತರಕರ ಕಚೇರಿಯಲ್ಲಿ ಸಬ್ಸಿಡಿ ದೂರುಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸವಾಗಿತ್ತು. 2023ರ ಮಳೆಗಾಲದ ನಂತರ ಹಣ ಕಾಣೆಯಾಯಿತು ಎಂದು ಮಹಿಳೆಯರು ಬಂದರೆ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ, "ಗೃಹಲಕ್ಷ್ಮಿ ಎಲ್ಲಿಗೆ ಬರುತ್ತೆ?" ಎನ್ನುವುದೇ.

ಕಾರಣ ಇಷ್ಟು. ಉಜ್ವಲಾ ಸಬ್ಸಿಡಿ ಕಳಿಸುವಾಗ ಗ್ಯಾಸ್ ಕಂಪನಿ ಸಾಮಾನ್ಯವಾಗಿ ಖಾತೆ ನಂಬರ್ ನೋಡುವುದೇ ಇಲ್ಲ. ಅದು ಆಧಾರ್ ನಂಬರ್ ಹಿಡಿದು ಹಣ ಕಳಿಸುತ್ತದೆ. ಯಾವ ಆಧಾರ್‌ನ ಹಣ ಯಾವ ಬ್ಯಾಂಕಿಗೆ ಹೋಗಬೇಕು ಎನ್ನುವ ಪಟ್ಟಿ ರಾಷ್ಟ್ರೀಯ ಪಾವತಿ ನಿಗಮದ ಹತ್ತಿರ ಇದೆ. ಬ್ಯಾಂಕಿನವರು ಇದನ್ನು ಎನ್‌ಪಿಸಿಐ ಮ್ಯಾಪರ್ ಅನ್ನುತ್ತಾರೆ. ಈ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕ್. ಹೊಸ ಬ್ಯಾಂಕು ಸೇರಿದರೆ ಹಳೆಯದು ತಾನಾಗಿ ಬಿಟ್ಟುಹೋಗುತ್ತದೆ.

2023ರಲ್ಲಿ ಗೃಹಲಕ್ಷ್ಮಿ ಅರ್ಜಿ ಹಾಕುವಾಗ ಎಷ್ಟೋ ಮಹಿಳೆಯರ ಹಳೇ ಖಾತೆಗೆ ಆಧಾರ್ ಜೋಡಣೆ ಸರಿ ಇರಲಿಲ್ಲ. ಜೋಡಣೆ ಬೇಗ ಆಗಲಿ ಎಂದು ಅಂಚೆ ಕಚೇರಿಯಲ್ಲಿ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಖಾತೆ ತೆರೆದವರು ಬಹಳ. ಖಾತೆ ತೆರೆದಾಗ ಸರ್ಕಾರಿ ಹಣ ಇಲ್ಲಿಗೇ ಬರಲಿ ಎಂದು ಒಪ್ಪಿಗೆ ಕೊಟ್ಟಿರುತ್ತಾರೆ. ಆವತ್ತಿನಿಂದ ಮ್ಯಾಪರ್‌ನಲ್ಲಿ ಅವರ ಬ್ಯಾಂಕು ಬದಲಾಯಿತು. ಗೃಹಲಕ್ಷ್ಮಿಯ 2000 ರೂಪಾಯಿ ಮಾತ್ರ ಅಲ್ಲ, ಆಧಾರ್ ಮೇಲೆ ಬರುವ ಗ್ಯಾಸ್ ಸಬ್ಸಿಡಿಯೂ ಅದರ ಹಿಂದೆಯೇ ಹೋಯಿತು. ಜನಧನ್ ಪಾಸ್‌ಬುಕ್ ಖಾಲಿ ಬಿತ್ತು.

ಹಾಗಾದರೆ ಪೋಸ್ಟ್ ಖಾತೆಯಲ್ಲಿ ಅಮ್ಮನಿಗೆ ಯಾಕೆ ಕಾಣಲಿಲ್ಲ, ಅಲ್ವಾ? ಹಳ್ಳಿಯಲ್ಲಿ ಸಾಮಾನ್ಯವಾಗಿ ಪೋಸ್ಟ್‌ಮ್ಯಾನ್ ಬಂದು ಬೆರಳಚ್ಚು ತೆಗೆದುಕೊಂಡು 2000 ಕೊಟ್ಟು ಹೋಗುತ್ತಾರೆ. ಕೇಳಿದಷ್ಟೇ ಹಣ ಕೈಗೆ ಬರುತ್ತದೆ. ಉಳಿದದ್ದು ಖಾತೆಯಲ್ಲೇ ಇರುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಬೀಳುವ 300 ಯಾರ ಗಮನಕ್ಕೂ ಬರುವುದಿಲ್ಲ. ಬ್ಯಾಂಕಿನ ಎಸ್‌ಎಂಎಸ್ ಯಾವ ನಂಬರಿಗೆ ಹೋಗುತ್ತಿದೆಯೋ ಅದೂ ಬಹಳ ಮನೆಗಳಲ್ಲಿ ಗೊತ್ತಿರುವುದಿಲ್ಲ. ಆದ್ದರಿಂದ ಮುಂದಿನ ಸಲ ಪೋಸ್ಟ್‌ಮ್ಯಾನ್ ಬಂದಾಗ ಹಣ ತೆಗೆಯುವ ಮೊದಲು ಬ್ಯಾಲೆನ್ಸ್ ಕೇಳಲಿ, ಮಿನಿ ಸ್ಟೇಟ್‌ಮೆಂಟ್ ತೆಗೆಸಲಿ. 2000ದ ಸಾಲುಗಳ ನಡುವೆ 300ರ ಸಾಲು ಸಿಕ್ಕಿದರೆ ಹುಡುಕಾಟ ಅಲ್ಲಿಗೇ ಮುಗಿಯಿತು. ಮಿನಿ ಸ್ಟೇಟ್‌ಮೆಂಟಿನಲ್ಲಿ ಕೊನೆಯ ಕೆಲವು ವಹಿವಾಟು ಮಾತ್ರ ಇರುತ್ತವೆ. ಅಲ್ಲಿ ಕಾಣದಿದ್ದರೆ ಅಂಚೆ ಕಚೇರಿಯಲ್ಲಿ ಪೂರ್ತಿ ಸ್ಟೇಟ್‌ಮೆಂಟ್ ಕೇಳಬೇಕು.

ಬೆಂಗಳೂರಿನಿಂದ ನೀವು ನೋಡಬಹುದಾದದ್ದು

ಅಮ್ಮನ ಆಧಾರ್‌ಗೆ ಜೋಡಿಸಿದ ಮೊಬೈಲ್ ನಿಮ್ಮ ಕೈಯಲ್ಲಿದ್ದರೆ, ಅಥವಾ ಒಟಿಪಿ ಬಂದಾಗ ಅಮ್ಮ ನಿಮಗೆ ಹೇಳಬಲ್ಲರಾದರೆ, ಇದನ್ನು ಈಗಲೇ ಖಚಿತ ಮಾಡಿಕೊಳ್ಳಬಹುದು. myaadhaar.uidai.gov.in ತೆರೆದು ಅಮ್ಮನ ಆಧಾರ್‌ನಿಂದ ಲಾಗಿನ್ ಆಗಿ. ಅಲ್ಲಿ Bank Seeding Status ಎಂಬ ಚೌಕ ಇದೆ. ಒತ್ತಿದರೆ ಬ್ಯಾಂಕಿನ ಹೆಸರು, ಜೋಡಣೆ ಚಾಲ್ತಿಯಲ್ಲಿದೆಯೇ ಇಲ್ಲವೇ, ಕೊನೆಗೆ ಬದಲಾದದ್ದು ಯಾವಾಗ ಎನ್ನುವುದು ಕಾಣುತ್ತದೆ. ಆ ದಿನಾಂಕವನ್ನು ಜನಧನ್ ಪಾಸ್‌ಬುಕ್ಕಿನ ಕೊನೆಯ 200 ರೂಪಾಯಿಯ ದಿನಾಂಕದ ಜೊತೆ ಹೋಲಿಸಿ. ಎರಡೂ ಹತ್ತಿರ ಹತ್ತಿರ ಇದ್ದರೆ ಬೇರೆ ಸಾಕ್ಷಿ ಬೇಡ.

ಅಲ್ಲಿ ಖಾತೆ ನಂಬರ್ ತೋರಿಸುವುದಿಲ್ಲ. ಅದು ದೋಷವಲ್ಲ. ಮ್ಯಾಪರ್‌ಗೆ ಗೊತ್ತಿರುವುದು ಬ್ಯಾಂಕು ಮಾತ್ರ, ಒಳಗೆ ಯಾವ ಖಾತೆಗೆ ಹಾಕಬೇಕು ಎನ್ನುವುದು ಆ ಬ್ಯಾಂಕಿಗೇ ಗೊತ್ತು. ಒಂದೇ ಬ್ಯಾಂಕಿನಲ್ಲಿ ಎರಡು ಖಾತೆ ಇದ್ದವರು ಇದನ್ನು ನೆನಪಿಡಬೇಕು. ಬ್ಯಾಂಕು ಸರಿ ಇದ್ದೂ ಹಣ ಇನ್ನೊಂದು ಖಾತೆಯಲ್ಲಿ ಕೂತಿರಬಹುದು.

"ನನ್ನ ಖಾತೆಗೆ ಆಧಾರ್ ಲಿಂಕ್ ಆಗಿದೆ ಅಂತ ಬ್ಯಾಂಕಿನವರೇ ಹೇಳಿದ್ದಾರಲ್ಲ" ಎನ್ನುವ ಮಾತು ನಾನು ಕೇಳದ ದಿನ ಇರಲಿಲ್ಲ. ಬ್ಯಾಂಕಿನವರು ಸುಳ್ಳು ಹೇಳಿರುವುದಿಲ್ಲ. ಕೆವೈಸಿಗೆ ಆಧಾರ್ ಕೊಡುವುದು ಒಂದು, ಸರ್ಕಾರಿ ಹಣ ಈ ಖಾತೆಗೇ ಬರಲಿ ಎಂದು ಮ್ಯಾಪರ್‌ಗೆ ಸೇರಿಸುವುದು ಇನ್ನೊಂದು. ಮೊದಲನೆಯದನ್ನು ನಾಲ್ಕು ಬ್ಯಾಂಕಿನಲ್ಲಿ ಮಾಡಬಹುದು. ಎರಡನೆಯದು ಒಂದೇ ಕಡೆ. ನಿಮ್ಮ ಅಮ್ಮನ ಜನಧನ್ ಖಾತೆಯಲ್ಲಿ ಆಧಾರ್ ಇರುವುದೂ ನಿಜ, ಹಣ ಅಲ್ಲಿಗೆ ಬರದಿರುವುದೂ ನಿಜ. ಏಜೆನ್ಸಿ ಮತ್ತು ಬ್ಯಾಂಕು ನಿಮ್ಮನ್ನು ಅಲೆದಾಡಿಸುತ್ತಿರುವುದೂ ಇದೇ ಕಾರಣಕ್ಕೆ. ಇಬ್ಬರ ಪರದೆಯ ಮೇಲೂ ಎಲ್ಲ ಸರಿಯಾಗಿಯೇ ಕಾಣುತ್ತಿರುತ್ತದೆ.

ಇದು ದುರುಪಯೋಗವೂ ಆಗಿದೆ. 2017ರಲ್ಲಿ ಒಂದು ಪೇಮೆಂಟ್ಸ್ ಬ್ಯಾಂಕು ಮೊಬೈಲ್ ಸಿಮ್ ಪರಿಶೀಲನೆಯ ಹೊತ್ತಿನಲ್ಲಿ ಗ್ರಾಹಕರಿಗೆ ಸರಿಯಾಗಿ ತಿಳಿಸದೆ ಖಾತೆ ತೆರೆದು, ಲಕ್ಷಾಂತರ ಜನರ ಗ್ಯಾಸ್ ಸಬ್ಸಿಡಿ ಅಲ್ಲಿಗೆ ಹರಿಯಿತು. ಆ ವರ್ಷದ ಡಿಸೆಂಬರ್‌ನಲ್ಲಿ ಆಧಾರ್ ಪ್ರಾಧಿಕಾರ ಅದರ ಇ-ಕೆವೈಸಿ ಪರವಾನಗಿಯನ್ನು ತಡೆಹಿಡಿಯಿತು. ಹಾಗಾಗಿ ಎಲ್ಲೇ ಖಾತೆ ತೆರೆಯುವಾಗ ಫಾರ್ಮ್‌ನಲ್ಲಿ ಸರ್ಕಾರಿ ಹಣದ ಒಪ್ಪಿಗೆಯ ಸಾಲು ಇದೆಯೇ ನೋಡಿ. ಬೇಡವಾದರೆ ಅದಕ್ಕೆ ಒಪ್ಪಿಗೆ ಕೊಡಬೇಡಿ.

ಈಗ ಆಯ್ಕೆ ನಿಮ್ಮದು. ಸಬ್ಸಿಡಿಯನ್ನು ಮತ್ತೆ ಜನಧನ್ ಖಾತೆಗೆ ತರಬೇಕೆಂದರೆ ಆ ಬ್ಯಾಂಕಿಗೆ ಅಮ್ಮನೇ ಹೋಗಿ, ಆಧಾರ್ ಸೀಡಿಂಗ್ ಒಪ್ಪಿಗೆ ಫಾರ್ಮ್ ಕೇಳಿ, ಈಗಿರುವ ಬ್ಯಾಂಕಿನ ಹೆಸರು ಬರೆದು ಸಹಿ ಹಾಕಬೇಕು. ಆದರೆ ಗ್ಯಾಸ್ ಸಬ್ಸಿಡಿಯನ್ನು ಮಾತ್ರ ಅತ್ತ ಕಳಿಸಲು ಆಗುವುದಿಲ್ಲ. ಗೃಹಲಕ್ಷ್ಮಿಯೂ ಅದರ ಜೊತೆ ಹೋಗುತ್ತದೆ. ಆಮೇಲೆ 2000 ರೂಪಾಯಿಗೆ ಅಮ್ಮ ಬಸ್ ಹತ್ತಿ ಬ್ಯಾಂಕಿಗೆ ಹೋಗಬೇಕಾಗಬಹುದು. ಬದಲಾವಣೆಯ ಹೊತ್ತಿನಲ್ಲಿ ಒಂದು ಕಂತು ಅತ್ತಿತ್ತ ಆಗುವ ಅಪಾಯವೂ ಇದೆ. ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೆ ಬರುತ್ತಿದ್ದರೆ ಇದ್ದದ್ದನ್ನು ಹಾಗೇ ಬಿಡಿ ಎನ್ನುವುದೇ ನನ್ನ ಸಲಹೆ. ಜಮೆಯಾಗಿರುವ ಹಣ ಅಮ್ಮನದೇ, ಎಲ್ಲೂ ಹೋಗುವುದಿಲ್ಲ. ಯಾವಾಗ ಬೇಕಾದರೂ ತೆಗೆಯಬಹುದು.

ಪೋಸ್ಟ್ ಖಾತೆಯಲ್ಲೂ ಇಲ್ಲದಿದ್ದರೆ

ಆಗ ಗ್ಯಾಸ್ ಕಂಪನಿಯ ಕಡೆಯಿಂದ ನೋಡಿಕೊಂಡು ಬರಬೇಕು. mylpg.in ನಲ್ಲಿ ನಿಮ್ಮ ಕಂಪನಿಯನ್ನು ಆರಿಸಿ, 17 ಅಂಕಿಯ ಎಲ್‌ಪಿಜಿ ಐಡಿ ಹಾಕಿ ಲಾಗಿನ್ ಆದರೆ ಸಿಲಿಂಡರ್‌ಗಳ ಇತಿಹಾಸ ಸಿಗುತ್ತದೆ. ಕಂಪನಿಯ ಆ್ಯಪ್‌ನಲ್ಲೂ ಸಿಗುತ್ತದೆ. ಇಂಟರ್ನೆಟ್ ಬೇಡ ಎನ್ನುವವರು 1800-233-3555 ಉಚಿತ ನಂಬರಿಗೆ ಕರೆ ಮಾಡಿ ಕೇಳಬಹುದು. ಅಥವಾ ಏಜೆನ್ಸಿಯಲ್ಲೇ ಪ್ರಿಂಟ್ ಕೇಳಬಹುದು.

ಆ ಪಟ್ಟಿಯನ್ನು ಮನೆಯ ಗ್ಯಾಸ್ ಪುಸ್ತಕದ ಜೊತೆ ಸಾಲು ಸಾಲಾಗಿ ಹೋಲಿಸಿ. ಮೊದಲು ನೋಡಬೇಕಾದದ್ದು ಸಿಲಿಂಡರ್ ತಲುಪಿದೆ ಎಂದು ದಾಖಲಾಗಿದೆಯೇ ಎನ್ನುವುದು. ಸಬ್ಸಿಡಿ ಹೊರಡುವುದು ಬುಕ್ ಮಾಡಿದಾಗ ಅಲ್ಲ, ಡೆಲಿವರಿ ಆಯಿತು ಎಂದು ಕಂಪ್ಯೂಟರಿನಲ್ಲಿ ನಮೂದಾದ ಮೇಲೆ. ಆಮೇಲೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಖಾತೆಗೆ ಬರುತ್ತದೆ. ಏಜೆನ್ಸಿಯಲ್ಲಿ ಆ ನಮೂದು ಬಾಕಿ ಉಳಿದರೆ ಹಣವೂ ಹೊರಡುವುದಿಲ್ಲ. ಇದಕ್ಕೆ ಬ್ಯಾಂಕಿಗೆ ಹೋಗಿ ಏನೂ ಪ್ರಯೋಜನವಿಲ್ಲ.

ಡೆಲಿವರಿ ದಾಖಲಾಗಿದೆ, ಹಣ ಕಳಿಸಿದೆ ಎಂದೂ ಇದೆ, ಆದರೆ ವಾಪಸ್ ಬಂದಿದೆ ಎಂದಿದ್ದರೆ ಆಗ ದೋಷ ಖಾತೆಯದು. ನಮ್ಮ ರಾಜ್ಯದಲ್ಲಿ ಬ್ಯಾಂಕುಗಳ ವಿಲೀನ ಇದಕ್ಕೆ ಒಂದು ಕಾರಣ. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಜೊತೆ ಸೇರಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಜೊತೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಜೊತೆ ಸೇರಿದವು. ನಿಮ್ಮ ಗದಗದ ಕಡೆ ಎಲ್ಲರಿಗೂ ಗೊತ್ತಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕು ಆಯಿತು. ಆಧಾರ್ ಇಲ್ಲದೆ, ಖಾತೆ ನಂಬರ್ ಮತ್ತು ಐಎಫ್‌ಎಸ್‌ಸಿ ಕೊಟ್ಟು ಸಬ್ಸಿಡಿ ಪಡೆಯುತ್ತಿದ್ದವರು ಈಗಲೂ ಇದ್ದಾರೆ. ಅವರ ದಾಖಲೆಯಲ್ಲಿ ಹಳೇ ಐಎಫ್‌ಎಸ್‌ಸಿ ಉಳಿದಿದ್ದರೆ ಏಜೆನ್ಸಿಗೆ ಹೊಸ ಪಾಸ್‌ಬುಕ್ಕಿನ ಪ್ರತಿ ಕೊಟ್ಟು ತಿದ್ದಿಸಬೇಕು. ಇನ್ನೊಂದು ಕಾರಣ ಜನಧನ್ ಖಾತೆಗಳ ಕೆವೈಸಿ. 2014-15ರಲ್ಲಿ ತೆರೆದ ಖಾತೆಗಳಿಗೆ ಹತ್ತು ವರ್ಷ ತುಂಬಿತು. ಮರು ಕೆವೈಸಿ ಆಗದ ಖಾತೆಗಳನ್ನು ತಡೆಹಿಡಿದಿರುವುದುಂಟು. ಬ್ಯಾಂಕಿಗೆ ಹೋಗಿ ಆಧಾರ್ ಪ್ರತಿ ಕೊಟ್ಟರೆ ಬಗೆಹರಿಯುತ್ತದೆ.

ಇತಿಹಾಸದ ಪಟ್ಟಿಯಲ್ಲಿ ಇನ್ನೊಂದನ್ನೂ ನೋಡಿ. ಮನೆಗೆ ಬರದ ಸಿಲಿಂಡರ್ ಅಲ್ಲಿ ನಮೂದಾಗಿದೆಯೇ? ಹಾಗಿದ್ದರೆ ನಿಮ್ಮ ಅಮ್ಮನ ಹೆಸರಿನ ಸಿಲಿಂಡರ್ ಬೇರೆಲ್ಲೋ ಹೋಗಿದೆ. ಅದರ ಸಬ್ಸಿಡಿ ಖಾತೆಗೆ ಬಂದರೂ ಸುಮ್ಮನಿರಬೇಡಿ. ವರ್ಷದ ಲೆಕ್ಕದಲ್ಲಿ ಒಂದು ಸಿಲಿಂಡರ್ ಖರ್ಚಾಗಿಹೋಗುತ್ತದೆ. ಇದನ್ನು ತಡೆಯಲೆಂದೇ ಡೆಲಿವರಿ ಕೋಡ್ ಬಂದದ್ದು. ನೀವು ಬುಕ್ ಮಾಡುವ ಮೊಬೈಲ್ ನಂಬರೇ ನೋಂದಣಿಯಾಗಿದ್ದರೆ ಆ ಕೋಡ್ ಬೆಂಗಳೂರಿನಲ್ಲಿರುವ ನಿಮಗೆ ಬರುತ್ತದೆ. "ಕೋಡ್ ಹೇಳಿಬಿಡಿ ಸರ್, ಸಂಜೆ ಕೊಡ್ತೀವಿ" ಎಂದು ಏಜೆನ್ಸಿಯಿಂದ ಫೋನ್ ಬಂದರೆ ಹೇಳಬೇಡಿ. ಕೋಡ್ ಕೊಟ್ಟ ಕ್ಷಣ ಸಿಲಿಂಡರ್ ತಲುಪಿದೆ ಎಂದು ದಾಖಲಾಗುತ್ತದೆ. ಸಿಲಿಂಡರ್ ಅಮ್ಮನ ಮನೆಯೊಳಗೆ ಇಳಿದ ಮೇಲೆ ಅಮ್ಮನೇ ನಿಮಗೆ ಫೋನ್ ಮಾಡಲಿ, ಆಗ ಹೇಳಿ. ಅಮ್ಮನ ಹತ್ತಿರ ಫೋನ್ ಇದ್ದರೆ ಅವರ ನಂಬರನ್ನೇ ನೋಂದಾಯಿಸುವುದು ಇನ್ನೂ ಒಳ್ಳೆಯದು.

300 ರೂಪಾಯಿ ಲೆಕ್ಕ

ಅಮ್ಮನಿಗೆ ಬರಬೇಕಾದ ಮೊತ್ತ ಎಷ್ಟು ಎಂದು ಗೊತ್ತಿದ್ದರೆ ಮಾತ್ರ ಬಂದದ್ದು ಸರಿಯೇ ಎಂದು ಹೇಳಬಹುದು. ಉಜ್ವಲಾದವರಿಗೆ 2022ರ ಮೇ ತಿಂಗಳಿಂದ 14.2 ಕಿಲೋ ಸಿಲಿಂಡರ್‌ಗೆ 200 ರೂಪಾಯಿ ಇತ್ತು. 2023ರ ಅಕ್ಟೋಬರ್‌ನಿಂದ ಅದು 300 ಆಯಿತು. ಮೊದಲು ವರ್ಷಕ್ಕೆ 12 ಸಿಲಿಂಡರ್‌ವರೆಗೆ ಕೊಡುತ್ತಿದ್ದರು. 2025-26ನೇ ಸಾಲಿಗೆ ಅದನ್ನು 9ಕ್ಕೆ ಇಳಿಸಿದರು. ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಐದು ಕಿಲೋ ಸಿಲಿಂಡರ್ ತೆಗೆದುಕೊಂಡರೆ ತೂಕಕ್ಕೆ ತಕ್ಕ ಹಾಗೆ ಕಡಿಮೆ ಬರುತ್ತದೆ.

ಉಜ್ವಲಾದವರು ವರ್ಷಕ್ಕೊಮ್ಮೆ ಬೆರಳಚ್ಚು ಅಥವಾ ಮುಖ ತೋರಿಸಿ ಇ-ಕೆವೈಸಿ ಮಾಡಿಸಬೇಕು ಎನ್ನುವ ನಿಯಮವೂ ಬಂದಿದೆ. ಮಾಡಿಸದಿದ್ದರೆ ತಡೆಹಿಡಿಯುವುದು ಎಂಟನೇ ಮತ್ತು ಒಂಬತ್ತನೇ ಸಿಲಿಂಡರ್‌ನ ಸಬ್ಸಿಡಿಯನ್ನು. ಮಾರ್ಚ್ 31ರೊಳಗೆ ಮಾಡಿಸಿಕೊಂಡರೆ ಅದು ಬಿಡುಗಡೆಯಾಗುತ್ತದೆ. ಏಜೆನ್ಸಿಯಲ್ಲಿ ಇದಕ್ಕೆ ದುಡ್ಡು ಕೊಡಬೇಕಿಲ್ಲ. ಒಂಟಿಯಾಗಿರುವ ನಿಮ್ಮ ಅಮ್ಮ ವರ್ಷಕ್ಕೆ ಎಂಟು ಸಿಲಿಂಡರ್ ಖರ್ಚು ಮಾಡುವುದು ಕಷ್ಟ. ಆದ್ದರಿಂದ ಅವರ ಹಣ ನಿಂತಿರುವುದಕ್ಕೆ ಇದು ಕಾರಣವಾಗಿರಲಾರದು. ಆದರೂ ಮಾಡಿಸಿಬಿಡಿ.

ಇನ್ನು ಬಾಗಿಲಲ್ಲಿ ಕೊಡುವ ಹಣ. 2025ರ ಏಪ್ರಿಲ್ 8ರಂದು ಬೆಲೆ 50 ರೂಪಾಯಿ ಏರಿದಾಗ ಬೆಂಗಳೂರಿನಲ್ಲಿ ಸಿಲಿಂಡರ್ 855.50 ಆಯಿತು. ಈ ದರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಉಜ್ವಲಾ ಮನೆಯವರು ಡೆಲಿವರಿಯವನಿಗೆ 855.50 ಪೂರ್ತಿ ಕೊಡಬೇಕು. ಆಮೇಲೆ 300 ಖಾತೆಗೆ ಬರುತ್ತದೆ. ಕೈಯಿಂದ ಹೋದದ್ದು 555.50. ಪತ್ರಿಕೆಯಲ್ಲಿ "ಉಜ್ವಲಾದವರಿಗೆ 553" ಎಂದು ಬಂದದ್ದು ದೆಹಲಿಯ ಲೆಕ್ಕ, ಅದೂ ಸಬ್ಸಿಡಿ ಕಳೆದ ಮೇಲಿನದು. ಅದನ್ನು ತೋರಿಸಿ ಬಾಗಿಲಲ್ಲಿ ಜಗಳವಾಡಿದವರನ್ನು ನೋಡಿದ್ದೇನೆ. ಪಾಪ, ಹುಡುಗನ ತಪ್ಪೇನೂ ಇರಲಿಲ್ಲ.

ಆದರೆ 900 ಎನ್ನುವುದು ಬೇರೆ ಮಾತು. ಸಾಗಣೆ ಖರ್ಚಿನಿಂದಾಗಿ ಜಿಲ್ಲೆಯಿಂದ ಜಿಲ್ಲೆಗೆ ದರ ಬದಲಾಗುತ್ತದೆ, ಹಾಗಾಗಿ ಗದಗದ ದರ ಬೆಂಗಳೂರಿನಷ್ಟೇ ಇರುವುದಿಲ್ಲ. ನಿಮ್ಮ ದರ ಎಷ್ಟು ಎಂದು ಹೇಳುವುದು ಬಿಲ್ ಮಾತ್ರ. ಪ್ರತಿ ಸಲವೂ ರೌಂಡ್ ಆಗಿ 900 ತೆಗೆದುಕೊಳ್ಳುತ್ತಿದ್ದರೆ ಬಿಲ್ ಕೊಡುತ್ತಿಲ್ಲ ಎಂದೇ ಅರ್ಥ. ಏಜೆನ್ಸಿಯ ವ್ಯಾಪ್ತಿಯೊಳಗೆ ಮನೆಗೆ ತಂದುಕೊಡುವ ಖರ್ಚು ಬಿಲ್ ಮೊತ್ತದೊಳಗೇ ಸೇರಿದೆ. ಗೋದಾಮಿನಿಂದ ನಾವೇ ಸಿಲಿಂಡರ್ ತಂದುಕೊಂಡರೆ ಆ ಡೆಲಿವರಿ ಭಾಗವನ್ನು ಬಿಲ್‌ನಲ್ಲಿ ಕಡಿಮೆ ಮಾಡಬೇಕು ಕೂಡ. ಆದರೆ ವಾಸ್ತವ ನನಗೂ ಗೊತ್ತು. ವಯಸ್ಸಾದ ಹೆಂಗಸು ಒಬ್ಬರೇ ಇರುವ ಮನೆಯಲ್ಲಿ ಬಿಲ್ ಕೇಳಿದರೆ ಮುಂದಿನ ಸಿಲಿಂಡರ್ ತಡವಾಗುತ್ತದೆ ಎನ್ನುವ ಭಯ ಇರುತ್ತದೆ. ಅದಕ್ಕೇ ನೀವು ಬುಕ್ ಮಾಡುವಾಗ ಕಂಪನಿಯ ಆ್ಯಪ್‌ನಲ್ಲೇ ಹಣ ಕಟ್ಟಿಬಿಡಿ. ಬಾಗಿಲಲ್ಲಿ ಅಮ್ಮ ಹಣದ ಮಾತೇ ಎತ್ತಬೇಕಾಗಿಲ್ಲ. ಖುಷಿಯಿಂದ ಹುಡುಗನಿಗೆ ಹತ್ತಿಪ್ಪತ್ತು ಕೊಟ್ಟರೆ ಅದು ಅವರಿಷ್ಟ. ಆ್ಯಪ್‌ನಲ್ಲಿ ಕಟ್ಟುವಾಗ ಒಂದೇ ಎಚ್ಚರಿಕೆ. ಆ್ಯಪ್ ಅನ್ನು ಪ್ಲೇ ಸ್ಟೋರಿನಿಂದ ಹಾಕಿಕೊಳ್ಳಿ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೈಲ್ ತೆರೆಯಬೇಡಿ. "ನಿಮ್ಮ ಸಬ್ಸಿಡಿ ಬಾಕಿ ಇದೆ" ಎಂದು ಫೋನ್ ಮಾಡಿ ಬ್ಯಾಂಕಿನ ಒಟಿಪಿ ಕೇಳುವವರು ಗ್ಯಾಸ್ ಕಂಪನಿಯವರಲ್ಲ.

ನಿಮ್ಮ ಕನೆಕ್ಷನ್ ಮತ್ತು ಒಂದನೇ ತಾರೀಖಿನ ಸುದ್ದಿ

ನಿಮ್ಮದು ಉಜ್ವಲಾ ಅಲ್ಲದಿದ್ದರೆ ಹುಡುಕಬೇಡಿ, ಬರುವುದಿಲ್ಲ. 2020ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೆಲೆ ಕುಸಿದು, ಸಬ್ಸಿಡಿ ಇರುವ ಮತ್ತು ಇಲ್ಲದ ಸಿಲಿಂಡರ್‌ಗಳ ದರ ಒಂದೇ ಆಯಿತು. ಕೊಡಲು ವ್ಯತ್ಯಾಸವೇ ಉಳಿಯಲಿಲ್ಲ. ಆಮೇಲೆ ಬೆಲೆ ಮತ್ತೆ ಏರಿತು, ಸಬ್ಸಿಡಿ ಮಾತ್ರ ಸಾಮಾನ್ಯ ಗ್ರಾಹಕರಿಗೆ ಮರಳಲಿಲ್ಲ. ಸಾಗಣೆ ವೆಚ್ಚ ಜಾಸ್ತಿ ಇರುವ ದೂರದ ಕೆಲವು ಊರುಗಳಲ್ಲಿ ಮಾತ್ರ ಚಿಕ್ಕ ಮೊತ್ತ ಬೀಳುತ್ತದೆ. 2020ರಿಂದ ಈಚೆಗೆ ನಿಮ್ಮ ಪಾಸ್‌ಬುಕ್ ಖಾಲಿ ಇರುವುದರಲ್ಲಿ ಬ್ಯಾಂಕಿನದೂ ಏಜೆನ್ಸಿಯದೂ ತಪ್ಪಿಲ್ಲ. ಮತ್ತೆ ಇ-ಕೆವೈಸಿ ಮಾಡಿಸಿದರೆ ಸಬ್ಸಿಡಿ ಶುರುವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಒಂದನೇ ತಾರೀಖು ಅಗ್ಗವಾಗುವುದು ಬಹುಪಾಲು ಹೋಟೆಲಿನವರು ಬಳಸುವ 19 ಕಿಲೋ ಸಿಲಿಂಡರ್. ಅದರ ದರ ಪ್ರತಿ ತಿಂಗಳು ಹೊರಗಿನ ಬೆಲೆಯನ್ನು ನೋಡಿಕೊಂಡು ಏರಿಳಿಯುತ್ತದೆ. ಮನೆಯ 14.2 ಕಿಲೋ ಸಿಲಿಂಡರ್ ಹಾಗಲ್ಲ. 2023ರ ಆಗಸ್ಟ್ 30ರಂದು 200 ಇಳಿಯಿತು, 2024ರ ಮಾರ್ಚ್ 9ರಂದು 100 ಇಳಿಯಿತು, 2025ರ ಏಪ್ರಿಲ್ 8ರಂದು 50 ಏರಿತು. ಮೂರರಲ್ಲಿ ಒಂದೂ ಒಂದನೇ ತಾರೀಖಲ್ಲ. ನಾವು ಬಳಸುವ ಗ್ಯಾಸಿನ ಅರ್ಧಕ್ಕಿಂತ ಹೆಚ್ಚು ಭಾಗ ಆಮದಾಗುತ್ತದೆ. ಆದರೂ ಹೊರಗಿನ ಬೆಲೆ ಏರಿದಾಗಲೆಲ್ಲ ಮನೆಯ ದರ ಏರಿಸದೆ ಕಂಪನಿಗಳು ನಷ್ಟದಲ್ಲಿ ಮಾರಿವೆ. ಆ ನಷ್ಟಕ್ಕೆ ಕೇಂದ್ರ ಸರ್ಕಾರ 2022ರಲ್ಲಿ 22 ಸಾವಿರ ಕೋಟಿ, 2025ರಲ್ಲಿ 30 ಸಾವಿರ ಕೋಟಿ ರೂಪಾಯಿ ಕೊಡಲು ಒಪ್ಪಿತು. ಏರಿದಾಗ ಪೂರ್ತಿ ಏರಿಸಿಲ್ಲವಾದ್ದರಿಂದ ಇಳಿದಾಗ ತಕ್ಷಣ ಇಳಿಸುವುದೂ ಇಲ್ಲ. ಆದ್ದರಿಂದ ಬೆಲೆ ಇಳಿಯಲಿ ಎಂದು ಕಾದು ಬುಕ್ ಮಾಡುವುದರಲ್ಲಿ ಲಾಭವಿಲ್ಲ. ಏರುವ ಮುಂಚೆ ಬುಕ್ ಮಾಡಿಟ್ಟರೆ ಹಳೇ ದರ ಸಿಗುತ್ತದೆ ಎನ್ನುವ ಖಾತ್ರಿಯೂ ಇಲ್ಲ.

ಕೊನೆಯದಾಗಿ ದೂರು ಕೊಡುವ ಮಾತು. ಪೋಸ್ಟ್ ಖಾತೆಯಲ್ಲೂ ಹಣ ಸಿಗದೆ ದೂರು ಕೊಡಲೇಬೇಕಾಗಿ ಬಂದರೆ "ಸಬ್ಸಿಡಿ ಬಂದಿಲ್ಲ" ಎಂದಷ್ಟೇ ಬರೆಯಬೇಡಿ. ಅಂಥ ದೂರಿಗೆ "ನಿಮ್ಮ ಬ್ಯಾಂಕನ್ನು ಸಂಪರ್ಕಿಸಿ" ಎಂಬ ಉತ್ತರ ಬಂದು ಕಡತ ಮುಚ್ಚಿಹೋಗುತ್ತದೆ. ಎಲ್‌ಪಿಜಿ ಐಡಿ, ಬಿಲ್ ನಂಬರ್, ಡೆಲಿವರಿ ದಿನಾಂಕ, ಆ ಸಿಲಿಂಡರ್ ಎದುರು ವೆಬ್‌ಸೈಟಿನಲ್ಲಿ ಏನು ತೋರಿಸುತ್ತಿದೆ, ಮ್ಯಾಪರ್‌ನಲ್ಲಿ ಯಾವ ಬ್ಯಾಂಕು ಇದೆ, ಇಷ್ಟನ್ನೂ ಬರೆಯಿರಿ. ಮೊದಲು 1800-233-3555ಕ್ಕೆ ಅಥವಾ ಕಂಪನಿಯ ಆ್ಯಪ್‌ನಲ್ಲಿ ದಾಖಲಿಸಿ, ದೂರಿನ ನಂಬರ್ ಇಟ್ಟುಕೊಳ್ಳಿ. ಅಲ್ಲಿ ಬಗೆಹರಿಯದಿದ್ದರೆ ಅದೇ ನಂಬರ್ ಹಾಕಿ pgportal.gov.in ನಲ್ಲಿ ಪೆಟ್ರೋಲಿಯಂ ಸಚಿವಾಲಯಕ್ಕೆ ಕಳಿಸಿ. ಒಂದು ದೂರಿನಲ್ಲಿ ಒಂದೇ ವಿಷಯ ಇರಲಿ. 900 ರೂಪಾಯಿಯ ದೂರನ್ನು ಸಬ್ಸಿಡಿಯ ದೂರಿನ ಜೊತೆ ಸೇರಿಸಿದರೆ ಎರಡರಲ್ಲಿ ಒಂದಕ್ಕೆ ಮಾತ್ರ ಉತ್ತರ ಬರುತ್ತದೆ.